ಹೊರದೇಶದ ರಾಜ್ಯೋತ್ಸವಕ್ಕೆ ತುಮಕೂರಿನಿಂದ ಬರೆದ ಆಮಂತ್ರಣ

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮದುವೆ, ಗೃಹಪ್ರವೇಶ, ವೈಕುಂಠ ಸಮಾರಾಧನೆ, ಎಲ್ಲ ಕಾರ್ಡೂ ಮಾಡುತ್ತೇನೆ. ಚಿಕ್ಕಪ್ಪನ ಮಗಳು ಇಂಗ್ಲೆಂಡಿನ ಒಂದು ಊರಲ್ಲಿದ್ದಾಳೆ, ಅಲ್ಲಿನ ಕನ್ನಡ ಸಂಘದ ಕಾರ್ಯದರ್ಶಿ. ನವೆಂಬರ್ ನಡುವಿನ ಒಂದು ಶನಿವಾರ ಅವರ ರಾಜ್ಯೋತ್ಸವ. "ಅಣ್ಣ, ಹೋದ ವರ್ಷದ ಕಾರ್ಡೇ ಇದೆ. ತಾರೀಖು ಬದಲಾಯಿಸಿ ಕೊಡು ಸಾಕು" ಅಂದಳು.

ಕಾರ್ಡು ನೋಡಿದೆ. ಮೇಲೆ ಭುವನೇಶ್ವರಿ, ಕೆಳಗೆ ಹಳದಿ ಕೆಂಪು ಪಟ್ಟಿ. "ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ ಕಾರ್ಯಕ್ರಮವನ್ನು ಯಶಸ್ವಿಗೊಳಿಸಬೇಕಾಗಿ ವಿನಂತಿ." ಅಧ್ಯಕ್ಷತೆ, ಉದ್ಘಾಟನೆ, ಮುಖ್ಯ ಅತಿಥಿ, ಉಪಸ್ಥಿತಿ ಅಂತ ಹೆಸರುಗಳ ಸಾಲು. ಕೊನೆಗೆ "ಸಂಜೆ 4ಕ್ಕೆ ಸರಿಯಾಗಿ, ಸಾಂಸ್ಕೃತಿಕ ಕಾರ್ಯಕ್ರಮ, ಭೋಜನ ವ್ಯವಸ್ಥೆ ಇರುತ್ತದೆ." ಇಂಥ ಕಾರ್ಡು ನಾನು ಲೆಕ್ಕವಿಲ್ಲದಷ್ಟು ಮಾಡಿದ್ದೇನೆ. ಇಲ್ಲಿ ಇಷ್ಟೇ ಸಾಕು. ಛತ್ರದಲ್ಲಿ ಊಟ ಎಷ್ಟು ಹೊತ್ತಿಗೆ, ಚಪ್ಪಲಿ ಎಲ್ಲಿ ಬಿಡಬೇಕು, ಭಾಷಣದ ಹೊತ್ತಲ್ಲಿ ಮಗು ಅತ್ತರೆ ಎಲ್ಲಿಗೆ ಎತ್ತಿಕೊಂಡು ಹೋಗಬೇಕು, ಎಲ್ಲ ನಮಗೆ ಗೊತ್ತು. ಕಾರ್ಡಿನಲ್ಲಿ ಇಲ್ಲದ್ದನ್ನು ನಾವೇ ತುಂಬಿಕೊಳ್ಳುತ್ತೇವೆ. ಅಲ್ಲಿ ಹುಟ್ಟಿದ ಮಗುವಿಗೆ, ಕನ್ನಡದವರನ್ನು ಮದುವೆಯಾದ ಬೇರೆ ಭಾಷೆಯವರಿಗೆ, ಹೋದ ತಿಂಗಳಷ್ಟೇ ಓದಲು ಬಂದ ಹುಡುಗನಿಗೆ ಅದು ಹೇಗೆ ಗೊತ್ತಾಗಬೇಕು?

ಹೋದ ವರ್ಷ ಕಾರ್ಡು ಕಳಿಸಿದ ಮೇಲೆ ಗುಂಪಿನಲ್ಲಿ ಜನ ಏನು ಕೇಳಿದ್ದರು ಅಂತ ತಂಗಿಯ ಹತ್ತಿರ ವಿಚಾರಿಸಿದೆ. ಅವಳು ಹಳೆಯ ವಾಟ್ಸಾಪ್ ಸಂದೇಶಗಳನ್ನೇ ಕಳಿಸಿದಳು. ನನಗೆ ಬೇಕಿದ್ದ ಸಾಮಾನೆಲ್ಲ ಅಲ್ಲೇ ಇತ್ತು. ಕೋಲಾರದ ಹುಡುಗನೊಬ್ಬ "ನಾನೊಬ್ಬನೇ ಬರಬಹುದಾ, ಫ್ಯಾಮಿಲಿಯವರಿಗೆ ಮಾತ್ರಾನಾ?" ಅಂತ ಕೇಳಿದ್ದ. ಒಬ್ಬ ತಾಯಿ, "ಮಗು ಏಳಕ್ಕೆ ಮಲಗುತ್ತೆ, ಊಟ ಎಷ್ಟೊತ್ತಿಗೆ?" ಇನ್ನೊಬ್ಬರು, "ಮಗಳಿಗೆ ಕಡ್ಲೆಬೀಜ ಆಗಲ್ಲ." ಮತ್ತೆ ಮತ್ತೆ ಬಂದ ಪ್ರಶ್ನೆ, "ಸದಸ್ಯರಲ್ಲದವರು ದುಡ್ಡು ಕೊಡಬೇಕಾ?" ಒಂದೇ ಪ್ರಶ್ನೆಯನ್ನು ಇಬ್ಬರು ಕೇಳಿದರೆ ಅದಕ್ಕೆ ಕಾರ್ಡಿನಲ್ಲಿ ಜಾಗ ಕೊಡಬೇಕು ಅಂತ ಲೆಕ್ಕ ಹಾಕಿಕೊಂಡೆ.

ಮೊದಲು ಸಮಯ ಹಿಡಿದೆ. ಊಟ ಎಷ್ಟು ಗಂಟೆಗೆ ಅಂತ ಬರೆಯಲು ಹೋದರೆ, ಅದನ್ನು ಯಾರೂ ತೀರ್ಮಾನವೇ ಮಾಡಿರಲಿಲ್ಲ. "ಕಾರ್ಯಕ್ರಮ ಮುಗಿದ ಮೇಲೆ" ಅಂದರು. ಮುಗಿಯುವುದು ಯಾವಾಗ? ಭಾಷಣ ಮುಗಿದಾಗ. ಅದಕ್ಕೇ ಹಿಂದಿನಿಂದ ಲೆಕ್ಕ ಹಾಕಿದೆವು. ಬಾಡಿಗೆ ಹಾಲ್ ರಾತ್ರಿ 9ಕ್ಕೆ ಖಾಲಿಯಾಗಬೇಕು. ಪಾತ್ರೆ, ಕುರ್ಚಿ ಎತ್ತಿಡಲು ಒಂದು ಗಂಟೆ. ಹಾಗಾದರೆ ಊಟ 8ಕ್ಕೆ ಮುಗಿಯಬೇಕು, 7ಕ್ಕೆ ಶುರುವಾಗಬೇಕು. ಚಿಕ್ಕ ಮಕ್ಕಳಿಗೆ ಅದೂ ತಡ. ಅವರಿಗೆ 5.45ಕ್ಕೇ ಮೊಸರನ್ನ, ಚಪಾತಿ ಕೊಡೋಣ ಅಂತಾಯಿತು. ಆಮಂತ್ರಣ ಬರೆಯುವ ನೆಪದಲ್ಲಿ ಕಾರ್ಯಕ್ರಮದ ಪಟ್ಟಿಯೇ ಗಟ್ಟಿಯಾಯಿತು. ಭಾಷಣಕ್ಕೆ 20 ನಿಮಿಷ ಅಂತ ಅಚ್ಚಾದ ಮೇಲೆ ಭಾಷಣಕಾರರೂ ಎಚ್ಚರವಾಗಿರುತ್ತಾರೆ ಅಲ್ವಾ!

ಆ ಭಾಗ ಕೊನೆಗೆ ಹೀಗಾಯಿತು:

"ಬಾಗಿಲು 3.30ಕ್ಕೆ ತೆರೆಯುತ್ತೆ. 4ಕ್ಕೆ ನಾಡಗೀತೆ. ಎಲ್ಲರೂ ಎದ್ದು ನಿಲ್ಲುತ್ತಾರೆ, ಎರಡೂವರೆ ನಿಮಿಷ. ಸಾಹಿತ್ಯ ಪರದೆ ಮೇಲೆ ಕನ್ನಡ ಮತ್ತು ಇಂಗ್ಲಿಷ್ ಅಕ್ಷರ ಎರಡರಲ್ಲೂ ಬರುತ್ತೆ. 4.30ರಿಂದ ಮಕ್ಕಳ ಕುಣಿತ, ಹಾಡು. 5.45ಕ್ಕೆ ಚಿಕ್ಕ ಮಕ್ಕಳ ಊಟ, ಪಕ್ಕದ ಕೋಣೆಯಲ್ಲಿ. 6ಕ್ಕೆ ಅತಿಥಿಗಳ ಮಾತು, 20 ನಿಮಿಷ. ಆಮೇಲೆ ದೊಡ್ಡವರ ನಾಟಕ. 7ಕ್ಕೆ ಎಲ್ಲರಿಗೂ ಊಟ. ಮಧ್ಯೆ ಹೊರಡಬೇಕಾದವರು ಹೊರಡಬಹುದು, ಯಾರೂ ಬೇಜಾರು ಮಾಡಿಕೊಳ್ಳಲ್ಲ."

ನಾಡಗೀತೆಯ ಎರಡೂವರೆ ನಿಮಿಷ ನನ್ನ ಅಂದಾಜಲ್ಲ. 2022ರಲ್ಲಿ ಸರ್ಕಾರವೇ ಧಾಟಿಯನ್ನೂ ಅವಧಿಯನ್ನೂ ಗೊತ್ತು ಮಾಡಿದೆ. ಕೊನೆಯ ವಾಕ್ಯಕ್ಕೆ ಸಮಿತಿಯ ಹಿರಿಯರೊಬ್ಬರು ತಕರಾರು ತೆಗೆದರು, "ಹೋಗಿ ಅಂತ ನಾವೇ ಹೇಳಿದ ಹಾಗಾಗುತ್ತೆ" ಅಂತ. ಆದರೆ ಕೂಸು ಇರುವವರು ಕಾಯುವುದು ಆ ಮಾತಿಗೇ. ಅದಿಲ್ಲದಿದ್ದರೆ ಅವರು ಬರುವುದೇ ಇಲ್ಲ. ಉಳಿಸಿಕೊಂಡೆವು.

ಜಾಸ್ತಿ ಹೊತ್ತು ಹಿಡಿದದ್ದು ಊಟದ ಭಾಗ. ಬಿಸಿಬೇಳೆ ಬಾತ್, ಪುಳಿಯೋಗರೆ, ಕೇಸರಿಬಾತ್ ಅಂತ ಹೆಸರು ಹಾಕಿದರೆ ನಮಗೆ ಬಾಯಲ್ಲಿ ನೀರು. ಹೊಸಬರಿಗೆ ಏನೂ ತಿಳಿಯದು. ಅದಕ್ಕೇ "ಬಿಸಿಬೇಳೆ ಬಾತ್: ಅಕ್ಕಿ, ತೊಗರಿಬೇಳೆ, ತರಕಾರಿ ಒಟ್ಟಿಗೆ ಬೇಯಿಸಿದ್ದು, ಸ್ವಲ್ಪ ಖಾರ" ಅಂತ ಬರೆದೆ. ಬ್ರಿಟನ್ನಿನಲ್ಲಿ ಅಲರ್ಜಿ ತರುವ 14 ಪದಾರ್ಥಗಳ ಅಧಿಕೃತ ಪಟ್ಟಿ ಇದೆ. ಅದನ್ನಿಟ್ಟುಕೊಂಡು ಅಡುಗೆಯವರ ಜೊತೆ ಒಂದೊಂದೇ ತಿಂಡಿ ನೋಡಿದೆವು. ಪುಳಿಯೋಗರೆಯಲ್ಲಿ ಕಡ್ಲೆಬೀಜ, ಎಳ್ಳು. ಕೇಸರಿಬಾತಿನಲ್ಲಿ ಗೋಡಂಬಿ, ತುಪ್ಪ, ರವೆ ಅಂದರೆ ಗೋಧಿ. ಒಗ್ಗರಣೆಯ ಸಾಸಿವೆಯೂ ಆ ಪಟ್ಟಿಯಲ್ಲಿದೆ, ಅದು ನಮ್ಮ ಯಾವ ಅಡುಗೆಯಲ್ಲಿ ಇಲ್ಲ ಹೇಳಿ. ಕಣ್ಣಿಗೆ ಬೀಳದ್ದು ಇಂಗು. ಅಂಗಡಿಯ ಡಬ್ಬಿ ಇಂಗಿಗೆ ಸಾಮಾನ್ಯವಾಗಿ ಮೈದಾ ಅಥವಾ ಗೋಧಿಹಿಟ್ಟು ಬೆರೆಸಿರುತ್ತಾರೆ. ಗೋಧಿ ಆಗದವರು ಅಕ್ಕಿಯ ಬಾತ್ ಅಲ್ವಾ ಅಂತ ತಿಂದರೆ ಕಷ್ಟ. ಅಡುಗೆಯವರು ಅಕ್ಕಿಹಿಟ್ಟು ಬೆರೆಸಿದ ಇಂಗು ತರಿಸುವುದಾಗಿ ಒಪ್ಪಿದರು. ಮನೆಗಳಿಂದ ಬರುವ ಕಜ್ಜಾಯ, ಕೋಡುಬಳೆಗೆ ಈ ಭರವಸೆ ಕೊಡಲಾಗದು. ಅದನ್ನೂ ಮುಚ್ಚಿಡದೆ ಬರೆದೆವು: "ಇವು ಬೇರೆ ಬೇರೆ ಮನೆಗಳಲ್ಲಿ ಮಾಡಿದ್ದು. ಕಡ್ಲೆಬೀಜ ತಾಗಿಲ್ಲ ಅಂತ ಹೇಳಲಾಗದು. ಬೇರೆ ಮೇಜಿನಲ್ಲಿ ಇಟ್ಟಿರುತ್ತೇವೆ."

ಮಕ್ಕಳಿಗೆ ಅವರದ್ದೇ ನಾಲ್ಕು ಸಾಲು ಇಂಗ್ಲಿಷಿನಲ್ಲಿ ಬರೆಸಿದೆ. ಕನ್ನಡದ್ದನ್ನು ತಿರುಗಿಸಿದ್ದಲ್ಲ, ಅವರಿಗೆ ಬೇಕಾದ್ದಷ್ಟೇ: ಬಂದ ಕೂಡಲೇ ಬಣ್ಣದ ಮೇಜಿಗೆ ಹೋಗಬಹುದು, ಕನ್ನಡ ಬರದಿದ್ದರೂ ಆಟ ಆಡಬಹುದು, ವೇದಿಕೆ ಹತ್ತಲೇಬೇಕು ಅಂತಿಲ್ಲ. ಕೊನೆಯದು ತಂಗಿಯ ಮಗನ ಬೇಡಿಕೆ. ಹೋದ ವರ್ಷ ಯಾರೋ ಮೈಕ್ ಕೊಟ್ಟು "ಕನ್ನಡದಲ್ಲಿ ಏನಾದ್ರೂ ಹೇಳು ಪುಟ್ಟ" ಅಂದಿದ್ದರಂತೆ, ಪಾಪ. ದೊಡ್ಡವರಿಗೂ ಒಂದು ಸಾಲು ಸೇರಿಸಿದೆವು: ಮಗುವಿನ ಫೋಟೊ ಹಂಚುವುದು ಬೇಡ ಅನ್ನುವವರು ಬಾಗಿಲಲ್ಲಿ ಹೇಳಿ, ಬೇರೆ ಬಣ್ಣದ ಸ್ಟಿಕ್ಕರ್ ಕೊಡುತ್ತೇವೆ.

ಹೊಸಬರ ಭಾಗ ಸುಲಭವಾಗಿಯೇ ಆಯಿತು. ಒಬ್ಬರೇ ಬರಬಹುದು, ಸದಸ್ಯರಾಗಬೇಕಿಲ್ಲ, ಊಟಕ್ಕೆ ಇಷ್ಟು, ವಿದ್ಯಾರ್ಥಿಗಳಿಗೆ ಅರ್ಧ. ಪಂಚೆ, ಸೀರೆ ಕಡ್ಡಾಯವಲ್ಲ. ಬಾಗಿಲಲ್ಲಿ ಹಳದಿ ಶಾಲು ಹಾಕಿದ ಇಬ್ಬರು ಇರುತ್ತಾರೆ, ಅವರನ್ನು ಮಾತಾಡಿಸಿ. ದೀಪ ಬೆಳಗುವುದು ಬ್ಯಾಟರಿ ದೀಪದಲ್ಲಿ, ಹಾಲ್‌ನವರು ಬೆಂಕಿಗೆ ಒಪ್ಪುವುದಿಲ್ಲ. ಕೊನೆಯ ಬಸ್ಸಿನ ಹೊತ್ತೂ ಹಾಕಿದೆವು. ಆ ತಿಂಗಳಲ್ಲಿ ಅಲ್ಲಿ ಸಂಜೆ ನಾಲ್ಕು ಕಾಲಿನ ಆಸುಪಾಸಿಗೇ ಹೊತ್ತು ಮುಳುಗುತ್ತೆ.

ಇಷ್ಟೆಲ್ಲ ಒಂದು ಕಾರ್ಡಿನಲ್ಲಿ ತುರುಕಿದರೆ ಯಾರೂ ಓದುವುದಿಲ್ಲ. ಅದಕ್ಕೇ ಎರಡು ಮಾಡಿದೆ. ಭುವನೇಶ್ವರಿ, ಅತಿಥಿಗಳ ಹೆಸರು, ತಾರೀಖು, ಜಾಗ ಇರುವ ಚಿತ್ರದ ಕಾರ್ಡು ಹಾಗೇ ಉಳಿಯಿತು. ಹೆಸರು ತೆಗೆದರೆ ಸಂಘದಲ್ಲಿ ಏನಾಗುತ್ತೆ ಅಂತ ನನಗೆ ಇಲ್ಲಿ ಕೂತೇ ಗೊತ್ತು. ಮಿಕ್ಕಿದ್ದೆಲ್ಲ ಅದರ ಕೆಳಗೆ ಬರಹದ ಸಂದೇಶ. ಬರಹವಾದರೆ ವಿಳಾಸವನ್ನು ಕಾಪಿ ಮಾಡಿ ನಕ್ಷೆಗೆ ಹಾಕಬಹುದು, ಕನ್ನಡ ಓದಲು ಬಾರದವರು ಫೋನಿನಲ್ಲೇ ಅನುವಾದ ಮಾಡಿಕೊಳ್ಳಬಹುದು. ಚಿತ್ರದಲ್ಲಿ ಇದು ಅಷ್ಟು ಸಲೀಸಲ್ಲ. ಒಂದು ಎಚ್ಚರಿಕೆ: ನಮ್ಮ ಅಂಗಡಿಗಳ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತೆ. ಯುನಿಕೋಡಿಗೆ ಬದಲಾಯಿಸಿ, ಒತ್ತಕ್ಷರ, ಅರ್ಕಾವತ್ತು ಸರಿ ಬಂದಿವೆಯಾ ಅಂತ ಓದಿಯೇ ಕಳಿಸಬೇಕು.

ಕಳಿಸುವ ಮುಂಚೆ ಅಂಗಡಿಯ ಹುಡುಗನಿಗೆ ಕೊಟ್ಟೆ. ಅವನು ವಿಮಾನವನ್ನೇ ಹತ್ತಿದವನಲ್ಲ. "ನೀನು ಹೋಗ್ತೀಯ ಅಂದುಕೋ, ಏನೇನು ಮಾಡ್ತೀಯ ಹೇಳು" ಅಂದೆ. ಊಟದವರೆಗೂ ಸರಾಗವಾಗಿ ಹೇಳಿದ. ಆಮೇಲೆ, "ಅಣ್ಣ, ದುಡ್ಡು ಎಲ್ಲಿ ಕಟ್ಟೋದು, ಮೊದಲೇನಾ ಬಾಗಿಲಲ್ಲಾ?" ಆ ಸಾಲು ಸೇರಿತು.

ಈ ಸಲ ಕಾರ್ಯಕ್ರಮದ ವಾರ ತಂಗಿಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಪಾರ್ಕಿಂಗ್ ಬಗ್ಗೆ. ಅದು ಯುಗಾದಿಯ ಸಂದೇಶಕ್ಕೆ ಸೇರುತ್ತೆ. ನಾಡಗೀತೆ ಮಾತ್ರ 4.25ಕ್ಕೆ ಶುರುವಾಯಿತಂತೆ.