ಅಫಿಡವಿಟ್ಟಿನ ಕನ್ನಡ ಭಾಷಾಂತರ: ಯಾವ ಇಂಗ್ಲಿಷ್ ಪದವನ್ನು ಉಳಿಸಬೇಕು?

ಗಂಗಾವತಿ, ಸಿಂಧನೂರು ಕಡೆಯ ಅಕ್ಕಿ ಗಿರಣಿಗಳ ಸಾಲದ ವ್ಯಾಜ್ಯಗಳಲ್ಲಿ ಒಂದೇ ಬಗೆಯ ಎಡವಟ್ಟನ್ನು ಮತ್ತೆ ಮತ್ತೆ ನೋಡಿದ್ದೇನೆ. ಅಫಿಡವಿಟ್ ಇಂಗ್ಲಿಷಿನಲ್ಲಿ ತಯಾರಾಗಿರುತ್ತದೆ. ಅದರ ಕನ್ನಡ ಭಾಷಾಂತರ ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಕೆಲವರು ಕನ್ನಡದ ಅಭಿಮಾನದಿಂದ ಒಂದು ಪದವನ್ನೂ ಬಿಡದೆ ಕನ್ನಡಿಸುತ್ತಾರೆ. ಕೆಲವರು ಭಯದಿಂದ ‘ಪ್ಲೇಂಟಿಫ್’, ‘ಪೊಸೆಷನ್’ ಎಂದು ಎಲ್ಲವನ್ನೂ ಹಾಗೆಯೇ ಬಿಡುತ್ತಾರೆ. ಎರಡೂ ತಪ್ಪು. ಪ್ರಮಾಣ ಮಾಡಿದವನು ಹೇಳಿದ ಸಂಗತಿ ಭಾಷಾಂತರದಲ್ಲಿ ಹಿಗ್ಗಲೂಬಾರದು, ಕುಗ್ಗಲೂಬಾರದು. ಇಂಗ್ಲಿಷ್ ಪದ ಉಳಿಯಬೇಕೇ ಬೇಡವೇ ಎಂಬುದನ್ನು ಈ ಒಂದೇ ಅಳತೆಯಿಂದ ತೀರ್ಮಾನಿಸಬೇಕು.

ಮೊದಲು ಇಡೀ ಅಫಿಡವಿಟ್ಟನ್ನು ಅದಕ್ಕೆ ಲಗತ್ತಿಸಿದ ದಾಖಲೆಗಳೊಂದಿಗೆ ಓದಿ. ಕಾನೂನಿನ ಪದಗಳಿಗೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ.

ಎರಡನೆಯದಾಗಿ, ಗೊತ್ತಿರುವ ಪದಗಳನ್ನು ಕನ್ನಡಕ್ಕೆ ಬಿಟ್ಟುಕೊಡಿ. ವಾದಿ, ಪ್ರತಿವಾದಿ, ಸ್ವಾಧೀನ, ಕ್ರಯಪತ್ರ, ಜಾಮೀನುದಾರ ಇವೆಲ್ಲ ನಮ್ಮ ಕೋರ್ಟುಗಳಲ್ಲಿ ನೆಲೆ ನಿಂತ ಪದಗಳು, ಚರ್ಚೆ ಬೇಡ. ಇಂಗ್ಲಿಷ್ ಪದವೇ ಕನ್ನಡದ ದಾಖಲೆಯೊಂದರ ಅನುವಾದವಾಗಿದ್ದರೆ ಮೂಲಕ್ಕೆ ಹಿಂದಿರುಗಿ. ಬೆಂಗಳೂರಿನ ವಕೀಲರು ಪಹಣಿಯನ್ನು ನೋಡಿ ಇಂಗ್ಲಿಷಿನಲ್ಲಿ ‘ಡ್ರೈ ಲ್ಯಾಂಡ್’ ಎಂದು ಬರೆದಿರುತ್ತಾರೆ. ನೀವು ಅದನ್ನು ‘ಒಣ ಭೂಮಿ’ ಮಾಡಬೇಡಿ. ಪಹಣಿಯಲ್ಲಿ ಇರುವುದು ‘ಖುಷ್ಕಿ’. ಹಳೆಯ ಕಾಗದಗಳಲ್ಲಿ ಇನ್ನೂ ಎಚ್ಚರ ಬೇಕು. ಬಳ್ಳಾರಿ 1953ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು, ರಾಯಚೂರು ಮತ್ತು ಕೊಪ್ಪಳ 1956ರವರೆಗೆ ಹೈದರಾಬಾದಿನ ಕಡೆಗಿದ್ದವು. ಹಾಗಾಗಿ ಬಳ್ಳಾರಿಯ ಹಳೆಯ ಕಡತದಲ್ಲಿ ‘ಅಡಂಗಲ್’ ಎಂದಿದ್ದರೆ ಅಡಂಗಲ್ ಎಂದೇ ಬರೆಯಿರಿ. ಈಗಿನ ಓದುಗನಿಗೆ ಸುಲಭವಾಗಲಿ ಎಂದು ಅದನ್ನು ಪಹಣಿಯಾಗಿಸಿದರೆ ಆ ಹೆಸರಿನ ದಾಖಲೆ ಕಡತದಲ್ಲಿ ಸಿಗುವುದೇ ಇಲ್ಲ.

ಇನ್ನು ಕಷ್ಟದ ಹಂತ. ಒಂದು ಕನ್ನಡ ಪದ ಎರಡು ಬೇರೆ ಬೇರೆ ಕಾನೂನು ಸಂಗತಿಗಳನ್ನು ಒಟ್ಟಿಗೆ ನುಂಗಿಹಾಕುವ ಜಾಗವಿದು. ಉದಾಹರಣೆಗಾಗಿ ಒಬ್ಬ ಗಿರಣಿ ಮಾಲೀಕನ ಅಫಿಡವಿಟ್ಟನ್ನು ಕಲ್ಪಿಸಿಕೊಳ್ಳಿ. ಬ್ಯಾಂಕಿನ ಸಾಲಕ್ಕೆ ತಾನು ಮೂರು ಭದ್ರತೆ ಕೊಟ್ಟಿರುವುದಾಗಿ ಆತ ಆರನೇ ಪ್ಯಾರಾದಲ್ಲಿ ಹೇಳಿದ್ದಾನೆ. ಗಿರಣಿಯ ಗೋದಾಮಿನಲ್ಲಿರುವ ಭತ್ತವನ್ನು ‘ಹೈಪೊಥಿಕೇಶನ್’ ಮಾಡಿದ್ದಾನೆ, ಹೊರಗಿನ ಉಗ್ರಾಣದಲ್ಲಿಟ್ಟ ಭತ್ತದ ರಸೀದಿಗಳನ್ನು ಬ್ಯಾಂಕಿಗೆ ಒಪ್ಪಿಸಿ ‘ಪ್ಲೆಡ್ಜ್’ ಮಾಡಿದ್ದಾನೆ, ಗಿರಣಿ ನಿಂತಿರುವ ಜಾಗವನ್ನು ‘ಮಾರ್ಟ್‌ಗೇಜ್’ ಮಾಡಿದ್ದಾನೆ. ಟೈಪಿಂಗ್ ಅಂಗಡಿಯ ಭಾಷಾಂತರ ಹೀಗೆ ಬರುತ್ತದೆ: ‘ಭತ್ತ, ರಸೀದಿ ಮತ್ತು ಜಾಗವನ್ನು ಬ್ಯಾಂಕಿಗೆ ಒತ್ತೆ ಇಟ್ಟಿರುತ್ತೇನೆ.’ ಓದಲು ಸಲೀಸು, ಅರ್ಥ ಕೆಟ್ಟಿದೆ.

ಒತ್ತೆ ಎಂದರೆ ವಸ್ತು ಸಾಲ ಕೊಟ್ಟವನ ಕೈಸೇರಿದೆ ಎಂದರ್ಥ. 1872ರ ಕರಾರು ಕಾಯ್ದೆಯ 172ನೇ ಕಲಮಿನ ಪ್ಲೆಡ್ಜ್ ಕೂಡ ಇದೇ. ಹೈಪೊಥಿಕೇಶನ್ನಿನಲ್ಲಿ ಸರಕು ಸಾಲಗಾರನ ಹತ್ತಿರವೇ ಇರುತ್ತದೆ, ಬ್ಯಾಂಕಿಗೆ ಅದರ ಮೇಲೆ ಹಕ್ಕು ಮಾತ್ರ ಇರುತ್ತದೆ. 2002ರ ಸರ್ಫೇಸಿ ಕಾಯ್ದೆ ಅದನ್ನು ವಿವರಿಸುವುದೂ ಸ್ವಾಧೀನ ಬಿಟ್ಟುಕೊಡದ ಭದ್ರತೆ ಎಂದೇ. ಗಿರಣಿ ಮಾಲೀಕ ಆ ಭತ್ತವನ್ನು ಅರೆದು, ಅಕ್ಕಿ ಮಾರಿ, ಹೊಸ ಭತ್ತ ತುಂಬಿಸುತ್ತಾ ಕರಾರಿನ ಮಿತಿಯೊಳಗೆ ವ್ಯಾಪಾರ ನಡೆಸುತ್ತಾನೆ. ‘ಒತ್ತೆ ಇಟ್ಟಿರುತ್ತೇನೆ’ ಎಂಬ ಕನ್ನಡವನ್ನು ನಂಬಿದರೆ, ಭತ್ತ ಬ್ಯಾಂಕಿನ ವಶದಲ್ಲಿತ್ತು ಎಂದು ಆತ ಪ್ರಮಾಣ ಮಾಡಿದಂತಾಗುತ್ತದೆ. ಪಾಟೀಸವಾಲಿನಲ್ಲಿ ಎದುರಿನ ವಕೀಲರು ‘ಭತ್ತ ಬ್ಯಾಂಕಿನ ವಶದಲ್ಲಿದ್ದ ಮೇಲೆ ನೀವು ಅರೆದದ್ದು ಯಾರ ಭತ್ತ?’ ಎಂದು ಕೇಳಿದರೆ ಉತ್ತರವಿಲ್ಲ. ಮೂಲ ಇಂಗ್ಲಿಷನ್ನು ತೋರಿಸಿ ಬಿಡಿಸಿಕೊಳ್ಳಬಹುದು ನಿಜ, ಆದರೆ ಅಷ್ಟರಲ್ಲಿ ಸಾಕ್ಷಿಯ ಮಾತಿನ ಮೇಲೆ ಅನುಮಾನ ಹುಟ್ಟಿರುತ್ತದೆ.

ಹಾಗೆಂದು ಮೂರು ಪದಗಳನ್ನೂ ಇಂಗ್ಲಿಷಿನಲ್ಲೇ ಬಿಡಬೇಕಿಲ್ಲ. ಒಂದೊಂದಕ್ಕೂ ಒಂದೇ ಪ್ರಶ್ನೆ ಕೇಳಿ: ಈ ಕನ್ನಡ ಪದವನ್ನು ಕೇಳಿದವನಿಗೆ ವಸ್ತು ಯಾರ ಹತ್ತಿರ ಇದೆ ಎಂಬುದು ಮೂಲದಲ್ಲಿರುವಂತೆಯೇ ತಿಳಿಯುತ್ತದೆಯೇ? ರಸೀದಿಗಳನ್ನು ಬ್ಯಾಂಕಿಗೆ ಒಪ್ಪಿಸಿಯಾಗಿದೆ. ಅಲ್ಲಿ ‘ಒತ್ತೆ’ ಸರಿ. ಜಾಗಕ್ಕೆ ‘ಅಡಮಾನ’ ಸರಿ. ಆದರೆ ‘ಒತ್ತಿ’ ಎಂದು ಬರೆಯಬೇಡಿ. ನಮ್ಮ ಕಡೆ ಹೊಲ ಒತ್ತಿ ಹಾಕುವುದೆಂದರೆ ಸಾಲ ಕೊಟ್ಟವನು ಉಳುಮೆ ಮಾಡಿಕೊಳ್ಳುತ್ತಾನೆ, ಬ್ಯಾಂಕು ಗಿರಣಿ ನಡೆಸುತ್ತಿಲ್ಲ. ಉಳಿದದ್ದು ಹೈಪೊಥಿಕೇಶನ್. ಅದಕ್ಕೆ ಓದುಗರೆಲ್ಲ ಒಂದೇ ಅರ್ಥದಲ್ಲಿ ಹಿಡಿಯುವ ಕನ್ನಡ ಪದ ಬಳಕೆಯಲ್ಲಿಲ್ಲ. ಅದನ್ನು ಉಳಿಸಿ. ಪದಕೋಶದಲ್ಲಿ ಸಿಕ್ಕ ಸಂಸ್ಕೃತ ಪದವನ್ನು ಹಾಕುವ ಆಸೆಯನ್ನು ನಾನು ಯಾರಲ್ಲೂ ಪ್ರೋತ್ಸಾಹಿಸುವುದಿಲ್ಲ. ನ್ಯಾಯಾಧೀಶರಿಗೂ ಸಾಕ್ಷಿಗೂ ಬ್ಯಾಂಕ್ ಅಧಿಕಾರಿಗೂ ಗೊತ್ತಿಲ್ಲದ ಪದ ಕನ್ನಡದ್ದಾದರೂ ಅಲ್ಲಿ ಪರಕೀಯವೇ.

ಆಗ ಆ ವಾಕ್ಯ ಹೀಗಾಗುತ್ತದೆ: ‘ಗಿರಣಿಯ ಗೋದಾಮಿನಲ್ಲಿರುವ ಭತ್ತದ ದಾಸ್ತಾನನ್ನು ಬ್ಯಾಂಕಿಗೆ ಹೈಪೊಥಿಕೇಶನ್ ಮಾಡಿರುತ್ತೇನೆ, ಉಗ್ರಾಣದ ರಸೀದಿಗಳನ್ನು ಒತ್ತೆ ಇಟ್ಟಿರುತ್ತೇನೆ, ಗಿರಣಿಯ ಜಾಗವನ್ನು ಅಡಮಾನ ಮಾಡಿರುತ್ತೇನೆ.’

ಉಳಿಸಿದ ಪದವನ್ನು ಕನ್ನಡ ಲಿಪಿಯಲ್ಲಿ ಬರೆಯಿರಿ. ಮೊದಲ ಸಲ ಬಂದಾಗ ಮಾತ್ರ ಪಕ್ಕದಲ್ಲಿ ಮೂಲದ ಇಂಗ್ಲಿಷ್ ಕಾಗುಣಿತ ಕೊಡಿ. ಮುಂದೆ ಕೊನೆಯವರೆಗೆ ಅದೇ ರೂಪ ಇರಲಿ. ಚಂದಕ್ಕಾಗಿ ಪದ ಬದಲಿಸಿದರೆ ಬೇರೆ ವ್ಯವಹಾರ ಎಂಬ ಅನುಮಾನ ಬರುತ್ತದೆ. ಅದರ ಅರ್ಥವನ್ನು ಪ್ಯಾರಾದ ಒಳಗೆ ವಿವರಿಸಲೇಬೇಡಿ. ‘ಅಂದರೆ ಸರಕು ನನ್ನಲ್ಲೇ ಇದೆ’ ಎಂದು ನೀವು ಸೇರಿಸಿದರೆ, ಪ್ರಮಾಣ ಮಾಡಿದವನು ಹೇಳದ ಮಾತನ್ನು ಅವನ ಬಾಯಿಗೆ ತುರುಕಿದಂತೆ. ವಿವರಣೆ ಬೇಕೇ ಬೇಕೆಂದರೆ ಪುಟದ ಕೆಳಗೆ ‘ಭಾಷಾಂತರಕಾರರ ಟಿಪ್ಪಣಿ’ ಎಂದು ಪ್ರತ್ಯೇಕವಾಗಿ ಬರೆಯಿರಿ.

ಕಂಪ್ಯೂಟರಿನಲ್ಲಿ ಒಂದು ಪದವನ್ನು ಎಲ್ಲ ಕಡೆ ಒಟ್ಟಿಗೆ ಬದಲಿಸುವ ಅಡ್ಡದಾರಿ ಇಲ್ಲಿ ಅಪಾಯ. ಇಂಥದೇ ಅಫಿಡವಿಟ್ಟಿನಲ್ಲಿ ‘ಚಾರ್ಜ್’ ಒಂದು ಕಡೆ ಆಸ್ತಿಯ ಮೇಲಿನ ಬ್ಯಾಂಕಿನ ಹಕ್ಕು, ಇನ್ನೊಂದು ಕಡೆ ಬ್ಯಾಂಕ್ ಕಡಿತ ಮಾಡಿದ ಶುಲ್ಕ. ಒಂದೇ ಗುಂಡಿ ಒತ್ತಿ ‘ಶುಲ್ಕ’ ಮಾಡಿದರೆ ಗಿರಣಿಯ ಮೇಲೆ ಶುಲ್ಕ ಸೃಷ್ಟಿಯಾಗುತ್ತದೆ. ಅಂಗಡಿಗಳಲ್ಲಿ ಸಿಗುವ ಸಿದ್ಧ ನಮೂನೆಗಳನ್ನೂ ನಾನು ಮುಟ್ಟುವುದಿಲ್ಲ. ಹಿಂದಿನ ಯಾವುದೋ ಪ್ರಕರಣದ ಸಾಲುಗಳು ಅವುಗಳಲ್ಲಿ ಉಳಿದಿರುತ್ತವೆ.

ಕೊನೆಯ ಸತ್ಯಾಪನೆಯ ಸಾಲಿಗೆ ಇಂಗ್ಲಿಷ್ ಪದ ಬೇಕಿಲ್ಲ, ಆದರೆ ಅದನ್ನು ಮೊಟಕುಗೊಳಿಸಬೇಡಿ. ‘ನನ್ನ ಸ್ವಂತ ತಿಳಿವಳಿಕೆ’, ‘ನನಗೆ ಬಂದ ಮಾಹಿತಿ’, ‘ನನ್ನ ನಂಬಿಕೆ’ ಇವು ಮೂರು ಬೇರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 19ನೇ ಆದೇಶದ 3ನೇ ನಿಯಮದ ಪ್ರಕಾರ ಸಾಮಾನ್ಯವಾಗಿ ಸ್ವಂತ ತಿಳಿವಳಿಕೆಯ ಸಂಗತಿಗಳನ್ನಷ್ಟೇ ಹೇಳಬೇಕು. ನಂಬಿಕೆಯ ಮಾತಿಗೆ ಮಧ್ಯಂತರ ಅರ್ಜಿಗಳಲ್ಲಿ, ಅದೂ ಆಧಾರ ಹೇಳಿದರೆ, ಅವಕಾಶವಿದೆ. ‘ನನಗೆ ತಿಳಿದಂತೆ ಎಲ್ಲವೂ ನಿಜ’ ಎಂದು ಒಟ್ಟುಗೂಡಿಸಿದರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ.

ಪ್ಯಾರಾಗಳ ಸಂಖ್ಯೆ, ಸರ್ವೆ ನಂಬರು, ಖಾತೆ ಸಂಖ್ಯೆಗಳನ್ನು ಮೂಲದ ಪಕ್ಕದಲ್ಲಿಟ್ಟು, ಒಬ್ಬರು ಓದಿ ಇನ್ನೊಬ್ಬರು ನೋಡಿ ತಾಳೆ ಹಾಕಿ. ಮೂಲದಲ್ಲೇ ತಪ್ಪಿದ್ದರೆ ತಿದ್ದದೆ ವಕೀಲರಿಗೆ ತಿಳಿಸಿ. ಸಹಿ ಇರುವ ಕಡೆ ‘ಸಹಿ ಇದೆ’ ಎಂದೂ, ನೋಟರಿಯ ಮುದ್ರೆ ಇರುವ ಕಡೆ ಅದರಲ್ಲಿರುವ ಬರಹವನ್ನೂ ನಮೂದಿಸಿ. ಕೆಳಗೆ ಇದು ಮೂಲಕ್ಕೆ ನಿಷ್ಠವಾದ ಭಾಷಾಂತರವೆಂದು ಬರೆದು ನೀವು ಸಹಿ ಮಾಡಿ. ಪ್ರಮಾಣ ಮಾಡಿದವನಿಂದ ಭಾಷಾಂತರಕ್ಕೆ ಮತ್ತೆ ಸಹಿ ಮಾಡಿಸುವ ರೂಢಿ ಬೇಡ. ಕನ್ನಡದಲ್ಲೇ ಪ್ರಮಾಣ ಮಾಡಬೇಕಿದ್ದರೆ ಅದು ಹೊಸ ಅಫಿಡವಿಟ್, ಅದಕ್ಕೆ ಪ್ರಮಾಣವೂ ಹೊಸದಾಗಿ ಆಗಬೇಕು.