ತಾರಸಿಯ ಗುಂಯ್ ಸದ್ದು: ಮೊದಲು ತಪ್ಪಿದ್ದು, ಆಮೇಲೆ ಸರಿಮಾಡಿದ್ದು

ಬೆಂಗಳೂರಿನ ಒಂದು ಹೋಟೆಲ್‌ನ ತಾರಸಿಯಲ್ಲಿ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನೂ ಎಸಿಯ ಔಟ್‌ಡೋರ್ ಯೂನಿಟ್‌ಗಳೂ ಇದ್ದವು. ಎಂಟು ಮೀಟರ್ ದೂರದಲ್ಲೇ ಪಕ್ಕದ ಮನೆಯ ಎರಡನೇ ಮಹಡಿಯ ಮಲಗುವ ಕೋಣೆ. "ಕಿಟಕಿ ಮುಚ್ಚಿದ್ರೂ ಗುಂಯ್ ಅನ್ನೋದು ನಿಲ್ಲಲ್ಲ ಸರ್, ಮಗು ಎದ್ದು ಕೂತ್ಕೊಳ್ಳುತ್ತೆ" ಎಂದು ಆ ಮನೆಯಾಕೆ ಹೇಳಿದಾಗ ನನಗೆ ನಿಜಕ್ಕೂ ಕಸಿವಿಸಿಯಾಯಿತು. ಆ ಯಂತ್ರಗಳನ್ನು ಕೂರಿಸಿದವನು ನಾನೇ.

ಅವಸರದಲ್ಲಿ ಯೂನಿಟ್‌ಗಳ ಮುಂದೆ ತಗಡಿನ ಮರೆ ಕಟ್ಟಿಸಿದೆ. ಸದ್ದು ಇಳಿದದ್ದು ಮೂರೇ ಡೆಸಿಬಲ್. ತಗಡು ತೆಳು, ಕೆಳಗೆ ಒಂದು ಗೇಣು ಸಂದು, ಮೇಲಾಗಿ ಆ ಕಿಟಕಿ ಮರೆಯ ಅಂಚಿಗಿಂತ ಎತ್ತರದಲ್ಲಿತ್ತು. ಕಿಟಕಿಯಲ್ಲಿ ನಿಂತು ನೋಡಿದರೆ ಯಂತ್ರ ಕಾಣುತ್ತದೆ ಎಂದಾದರೆ ಆ ಮರೆಯಿಂದ ಪ್ರಯೋಜನ ಬಹಳ ಕಡಿಮೆ. ಅಷ್ಟೇ ಅಲ್ಲ, ಹೊರಬಿದ್ದ ಬಿಸಿಗಾಳಿ ತಗಡಿಗೆ ಬಡಿದು ವಾಪಸ್ ಒಳಗೇ ಹೋಗಿ, ಮಧ್ಯಾಹ್ನ ಒಳಗಿನ ಗ್ಯಾಸಿನ ಒತ್ತಡ ಏರಿ ಯೂನಿಟ್ ತಾನಾಗಿ ಟ್ರಿಪ್ ಆಗಿ ನಿಲ್ಲತೊಡಗಿತು. ಮರೆ ತೆಗೆಸಿದೆ.

ಮೊದಲೇ ಮಾಡಬೇಕಿದ್ದದ್ದನ್ನು ಆಮೇಲೆ ಮಾಡಿದೆ. ರಾತ್ರಿ ಹನ್ನೊಂದಕ್ಕೆ ಸದ್ದು ಅಳೆಯುವ ಮೀಟರ್ ಹಿಡಿದು ಅವರ ಕಿಟಕಿಯ ಹೊರಗೆ ನಿಂತೆ. ಎಲ್ಲ ಓಡುವಾಗ 58, ಎಲ್ಲ ನಿಂತಾಗ 40. ಫ್ಯಾನ್ ಒಂದೇ ಓಡಿದರೆ 56, ಔಟ್‌ಡೋರ್ ಯೂನಿಟ್‌ಗಳು ಮಾತ್ರ ಓಡಿದರೆ 53. ವಸತಿ ಪ್ರದೇಶಕ್ಕೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಇರುವ ಮಿತಿ 45. ಅಂದರೆ ಎರಡನ್ನೂ ಇಳಿಸಲೇಬೇಕು. ಫ್ಯಾನನ್ನು ಪೂರ್ತಿ ನಿಲ್ಲಿಸಿದರೂ 53 ಉಳಿಯುತ್ತದೆ.

ಔಟ್‌ಡೋರ್ ಯೂನಿಟ್‌ಗಳನ್ನು ತಾರಸಿಯ ಆಚೆ ಬದಿಗೆ, ಮೆಟ್ಟಿಲ ಕೋಣೆಯ ಗೋಡೆಯ ಹಿಂದಕ್ಕೆ ಸಾಗಿಸಿದೆವು. ಎಂಟು ಮೀಟರ್ ಇದ್ದದ್ದು ಇಪ್ಪತ್ತಾಯಿತು. ದೂರ ದುಪ್ಪಟ್ಟಾದಂತೆಲ್ಲ ಸುಮಾರು ಆರು ಡೆಸಿಬಲ್ ಇಳಿಯುವುದರಿಂದ ಅಲ್ಲಿಗೇ ಎಂಟು ಸಿಕ್ಕಿತು, ಉಳಿದದ್ದನ್ನು ಇಟ್ಟಿಗೆ ಗೋಡೆ ತಡೆಯಿತು. ಮೀಟರ್ ತೋರಿಸಿದ್ದರಲ್ಲಿ ಸುತ್ತಲಿನ 40ರ ಸದ್ದನ್ನು ಕಳೆದು ಲೆಕ್ಕ ಹಾಕಿದರೆ ಯೂನಿಟ್‌ಗಳ ಪಾಲು 39. ತಾಮ್ರದ ಪೈಪ್ ಉದ್ದವಾದಷ್ಟು ಗ್ಯಾಸ್ ಹೆಚ್ಚು ತುಂಬಬೇಕಾಯಿತು. ಪೈಪಿನ ಉದ್ದಕ್ಕೆ ಕಂಪನಿ ಹೇಳಿದ ಮಿತಿಯನ್ನು ಮೊದಲೇ ನೋಡಿಕೊಂಡಿದ್ದೆ.

ಫ್ಯಾನನ್ನು ಕದಲಿಸುವಂತಿರಲಿಲ್ಲ, ಡಕ್ಟ್ ಅಲ್ಲೇ ಮೇಲೆ ಬರುತ್ತದೆ. ಅದರ ಬಾಯಿಗೆ ಸೈಲೆನ್ಸರ್ ಹಾಕಿದೆವು. ಅಡುಗೆಮನೆಯ ಗಾಳಿಯಲ್ಲಿ ಜಿಡ್ಡು ಇರುತ್ತದೆ. ಸದ್ದು ಹೀರುವ ಕಲ್ಲುನಾರಾದ ರಾಕ್‌ವೂಲನ್ನು ಬರಿದೇ ತುಂಬಿದ ಸೈಲೆನ್ಸರ್ ಆ ಜಿಡ್ಡು ಕುಡಿದು ಕೆಲಸ ಬಿಡುತ್ತದೆ, ಬೆಂಕಿಯ ಅಪಾಯವೂ ಇದೆ. ಹಾಗಾಗಿ ಗ್ರೀಸ್ ಫಿಲ್ಟರ್ ದಾಟಿದ ಮೇಲೆ ಕೂರಿಸಿ, ರಾಕ್‌ವೂಲ್‌ಗೆ ತೆಳು ಫಿಲ್ಮ್ ಸುತ್ತಿ, ಮೇಲೆ ತೂತು ತಗಡು ಹೊದಿಸಿ, ಒರೆಸಲು ಬಾಗಿಲು ಇಟ್ಟೆವು. ಇದರಿಂದ ಒಂಬತ್ತು ಡೆಸಿಬಲ್ ಇಳಿಯಿತು. ಹತ್ತರ ನಂತರ ಒಲೆಗಳು ಅರ್ಧ ಆರುತ್ತವೆ, ಆಗ ಮೋಟಾರಿನ ವೇಗ ಬದಲಿಸುವ ವಿಎಫ್‌ಡಿಯಿಂದ ಫ್ಯಾನಿನ ವೇಗ ಐದನೇ ಒಂದು ಭಾಗ ಕಡಿಮೆ ಮಾಡಿದ್ದರಿಂದ ಇನ್ನೈದು ಇಳಿದು ಫ್ಯಾನಿನ ಪಾಲು 42ಕ್ಕೆ ಬಂತು.

ಸುತ್ತಲಿನ ಸದ್ದೂ ಸೇರಿ ಈಗ ಆ ಕಿಟಕಿಯ ಹೊರಗೆ 45ರ ಆಸುಪಾಸು. ಮೂರು ತಿಂಗಳಿಗೊಮ್ಮೆ ಸೈಲೆನ್ಸರ್ ಬಾಗಿಲು ತೆಗೆದು ಜಿಡ್ಡು ಒರೆಸುತ್ತೇವೆ, ಆ ರಾತ್ರಿ ಮೀಟರನ್ನೂ ಹಿಡಿಯುತ್ತೇನೆ.