ಬೆಲೆ ಏರಿಸಿದರೆ ವ್ಯಾಪಾರ ಹೆಚ್ಚುತ್ತದೆಯೇ? ಸ್ಥಿತಿಸ್ಥಾಪಕತ್ವದ ಉತ್ತರ ಓದುವ ಬಗೆ

ಬೆಲೆ ಬದಲಾದಾಗ ಬೇಡಿಕೆ ಎಷ್ಟು ಬದಲಾಗುತ್ತದೆ ಎಂದು ಅಳೆಯುವ ಬೇಡಿಕೆಯ ಬೆಲೆ ಸ್ಥಿತಿಸ್ಥಾಪಕತ್ವವನ್ನು ಪಿಯುಸಿ ಮಕ್ಕಳು ಚೆನ್ನಾಗಿಯೇ ಲೆಕ್ಕ ಹಾಕುತ್ತಾರೆ. ಉತ್ತರ 0.88 ಬಂದರೆ ಅಡಿಗೆರೆ ಎಳೆದು ಮುಂದಕ್ಕೆ ಹೋಗುತ್ತಾರೆ. ಆದರೆ ಆ ಸಂಖ್ಯೆ ಅಂಗಡಿಯವರಿಗೆ ಏನು ಹೇಳುತ್ತದೆ ಎಂಬುದೇ ಮುಖ್ಯ, ಅಲ್ವಾ?

ಮಡಿಕೇರಿಯ ಒಂದು ಜೇನುತುಪ್ಪದ ಅಂಗಡಿ ಎಂದಿಟ್ಟುಕೊಳ್ಳಿ. ಬಾಟಲಿಗೆ 400 ರೂಪಾಯಿ ಇದ್ದಾಗ ವಾರಕ್ಕೆ 100 ಬಾಟಲಿ ಹೋಗುತ್ತಿತ್ತು. 500 ಮಾಡಿದ ಮೇಲೆ 78 ಹೋಯಿತು.

ಮೊದಲು ಶೇಕಡಾವಾರು ನೋಡಿ. ಬೆಲೆ ಶೇ 25 ಏರಿತು, ಮಾರಾಟ ಶೇ 22 ಇಳಿಯಿತು. 22ನ್ನು 25ರಿಂದ ಭಾಗಿಸಿದರೆ 0.88. ಬೆಲೆ ಏರಿದಾಗ ಬೇಡಿಕೆ ಇಳಿಯುವುದರಿಂದ ಇದಕ್ಕೆ ಮೈನಸ್ ಚಿಹ್ನೆ ಇರುತ್ತದೆ. ಓದುವಾಗ ಅದನ್ನು ಬಿಟ್ಟು ಸಂಖ್ಯೆಯನ್ನಷ್ಟೇ ನೋಡಿದರೆ ಸಾಕು. ಅದು 1ಕ್ಕಿಂತ ಕಡಿಮೆ ಇದ್ದರೆ, ಬೆಲೆ ಏರಿಸಿದಾಗ ಒಟ್ಟು ಆದಾಯ ಹೆಚ್ಚುತ್ತದೆ ಎಂದು ಪಾಠ.

ಈಗ ಆದಾಯವನ್ನೇ ನೇರವಾಗಿ ಗುಣಿಸಿ ನೋಡಿ. ಮೊದಲು 400 × 100 = 40,000 ರೂಪಾಯಿ. ಆಮೇಲೆ 500 × 78 = 39,000 ರೂಪಾಯಿ. ಸಾವಿರ ರೂಪಾಯಿ ಕಡಿಮೆಯಾಗಿದೆ!

ಭಾಗಾಕಾರ ತಪ್ಪಿಲ್ಲ. 0.88 ಬಂದದ್ದು ಹಳೆಯ ಬೆಲೆಯಿಂದ ಶುರು ಮಾಡಿದ್ದಕ್ಕೆ. ಅದೇ ಲೆಕ್ಕವನ್ನು 500ರಿಂದ 400ಕ್ಕೆ ಹಿಂದಕ್ಕೆ ಮಾಡಿದರೆ ಸುಮಾರು 1.41 ಬರುತ್ತದೆ. ಹೀಗೆ ಎರಡು ದಿಕ್ಕಿನ ಉತ್ತರ 1ರ ಆಚೆ ಈಚೆ ಬಿದ್ದರೆ ಎಚ್ಚರಿಕೆ ಬೇಕು. ಬೆಲೆ ನಾಲ್ಕೈದು ರೂಪಾಯಿ ಮಾತ್ರ ಬದಲಾದರೆ ಈ ತೊಂದರೆ ಹೆಚ್ಚು ಕಾಣುವುದಿಲ್ಲ. ನೂರು ರೂಪಾಯಿ ಜಿಗಿತದಲ್ಲಿ ಕಾಣುತ್ತದೆ.

ಇಂಥಲ್ಲಿ ಮಧ್ಯಬಿಂದು ವಿಧಾನವೇ ಸರಿ. ಹಳೆಯದು, ಹೊಸದು ಎರಡರ ಸರಾಸರಿಯಿಂದ ಶೇಕಡಾ ತೆಗೆಯಿರಿ. ಮಾರಾಟದ ಸರಾಸರಿ 89, ಇಳಿಕೆ 22, ಅಂದರೆ ಶೇ 24.7. ಬೆಲೆಯ ಸರಾಸರಿ 450, ಏರಿಕೆ 100, ಅಂದರೆ ಶೇ 22.2. ಭಾಗಿಸಿದರೆ 1.11. ಒಂದಕ್ಕಿಂತ ಜಾಸ್ತಿ, ಆದ್ದರಿಂದ ಆದಾಯ ಇಳಿದಿದೆ. ಈ ವಿಧಾನದ ಉತ್ತರ ಒಟ್ಟು ಆದಾಯದ ಜೊತೆ ಯಾವಾಗಲೂ ತಾಳೆಯಾಗುತ್ತದೆ.

ಹಾಗಾದರೆ ಅಂಗಡಿಯವರು ಮತ್ತೆ 400ಕ್ಕೆ ಇಳಿಸಬೇಕೇ? ಇಲ್ಲಿ ಅವಸರ ಬೇಡ. ಒಂದು ಬಾಟಲಿಯ ಅಸಲು 250 ರೂಪಾಯಿ ಎಂದಾದರೆ, ಮೊದಲು ಲಾಭ 150 × 100 = 15,000 ಇತ್ತು. ಈಗ 250 × 78 = 19,500. ಆದಾಯ ಇಳಿದರೂ ಲಾಭ ಏರಿದೆ! ಸ್ಥಿತಿಸ್ಥಾಪಕತ್ವ ಹೇಳುವುದು ಆದಾಯದ ಮಾತು ಮಾತ್ರ.

ಇನ್ನೊಂದು ಷರತ್ತೂ ಇದೆ. ಬೆಲೆ ಬಿಟ್ಟು ಬೇರೇನೂ ಬದಲಾಗಿರಬಾರದು. ದಸರಾ ಜನಜಂಗುಳಿಯ ವಾರವನ್ನು ಜುಲೈ ಮಳೆಯ ವಾರದ ಜೊತೆ ಹೋಲಿಸಿದರೆ ಆ 22 ಬಾಟಲಿ ಕಡಿಮೆಯಾದದ್ದು ಬೆಲೆಯಿಂದಲೋ ಪ್ರವಾಸಿಗರು ಬಾರದ್ದರಿಂದಲೋ ತಿಳಿಯುವುದೇ ಇಲ್ಲ.